ಕಾರ್ಡಿನಲ್ಲಿಲ್ಲದ ಸೋಮವಾರ

ಕೋಮಲಾ ಒಂದು ಕಡೆ ಕೂರುವ ಜೀವವಲ್ಲ. ಗುಬ್ಬಿಯಲ್ಲಿ ಅವಳ ಮನೆಯ ಅಕ್ಕಪಕ್ಕದವರಿಗೆಲ್ಲ ಇದು ಗೊತ್ತು. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ನೀರು ತರುತ್ತಾಳೆ, ನೀರು ಕುಡಿಯುವಷ್ಟರಲ್ಲಿ ಫೋನ್ ಚಾರ್ಜಿಗೆ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಹೋಗುತ್ತಾಳೆ. "ನಿಂಗೆ ಮದ್ವೆ ಮಾಡಿದ್ರೆ ಧಾರೆ ಹೊತ್ನಲ್ಲೂ ಮಂಟಪ ಬುಟ್ಟು ಎದ್ದೋಯ್ತೀಯ ಕಣೇ" ಎಂದು ತಾಯಿ ಬಯ್ಯುತ್ತಿದ್ದರು. ಬಿಸಿಎ ಮುಗಿಸಿದ ಮೇಲೆ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿದಳು, ಬಿಟ್ಟಳು. ಸೈಬರ್ ಸೆಂಟರ್‌ನಲ್ಲಿ ಜನರ ಅರ್ಜಿ ತುಂಬಿದಳು, ಅದನ್ನೂ ಬಿಟ್ಟಳು. ಕಡೆಗೆ ತುಮಕೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದಳು. ಅಲ್ಲಿ ಮಾತ್ರ ನಿಂತಳು. ಅಲ್ಲಿ ಕೂರಲು ಯಾರೂ ಬಿಡುತ್ತಿರಲಿಲ್ಲ ಎನ್ನುವುದೇ ಕಾರಣವಿರಬೇಕು. ಬೆಳಗ್ಗೆ ಗುಬ್ಬಿಯಿಂದ ಬಸ್ಸು ಹತ್ತಿ ಬಂದರೆ ರೋಗಿಗಳ ತೂಕ ಬರೆಯುವುದು, ಇನ್ಶೂರೆನ್ಸ್ ಕಾಗದ ಕಳಿಸುವುದು, ಫೋನು ಎತ್ತುವುದು, ಯಾರ ಮಗ ಎಲ್ಲಿ ಗಾಡಿ ನಿಲ್ಲಿಸಿದನೆಂದು ಕೂಗುವುದು, ಹೀಗೇ ಸಂಜೆಯಾಗುತ್ತಿತ್ತು.

ಡಯಾಲಿಸಿಸ್ ಎಂದರೆ ಅಲ್ಲಿ ಎಲ್ಲರ ಬಾಯಲ್ಲೂ 'ಸರದಿ'. ಮೂತ್ರಪಿಂಡ ಕೈಕೊಟ್ಟವರಿಗೆ ವಾರಕ್ಕೆ ಮೂರು ಸಲ ಮಿಷನ್ನು ರಕ್ತ ಸೋಸಿಕೊಡಬೇಕು. ಕೆಲವರಿಗೆ ಸೋಮ, ಬುಧ, ಶುಕ್ರ. ಕೆಲವರಿಗೆ ಮಂಗಳ, ಗುರು, ಶನಿ. ಭಾನುವಾರ ಬಾಗಿಲು ಹಾಕಿರುತ್ತದೆ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಶಿಯಂ ಏರುತ್ತದೆ, ಎದೆಬಡಿತದ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಹಿರಿಯ ಟೆಕ್ನಿಷಿಯನ್ ಸೋಮಶೇಖರ್ ಮೊದಲೆಲ್ಲ ಪ್ರತಿ ರೋಗಿಯ ಕಾರ್ಡಿನ ಹಿಂದೆ ತಿಂಗಳ ಸರದಿಯ ತಾರೀಖುಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದರು. ಅವರ ಅಕ್ಷರ ಅವರಿಗೇ ಪ್ರೀತಿ. ಓದಲಾಗದವರು ಪದೇಪದೇ ಫೋನ್ ಮಾಡುತ್ತಿದ್ದರು.

"ಸರ್, ಕ್ಯಾಲೆಂಡರ್ ತರ ಚೌಕದಲ್ಲಿ ಪ್ರಿಂಟ್ ಹಾಕ್ಕೊಡ್ಲಾ? ಸರದಿ ದಿನಕ್ಕೆ ಕಪ್ಪು ಸುತ್ತು. ಓದೋಕೆ ಬರ್ದಿದ್ರೂ ಗೊತ್ತಾಗುತ್ತೆ" ಎಂದಳು ಕೋಮಲಾ.

"ಮಾಡಮ್ಮ, ನನ್ ಕೈ ಉಳೀತು" ಎಂದರು ಸೋಮಶೇಖರ್.

ಅವಳು ಹೊಸವರ್ಷದ ಹೊತ್ತಿಗೆ ಆ ಪ್ರೋಗ್ರಾಂ ಬರೆದಳು. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿದ್ದಳು, ಬಹಳ ಕಷ್ಟದ್ದೇನಲ್ಲ. ಪ್ರೋಗ್ರಾಮಿಗೆ ಎರಡೇ ಸಂಗತಿ ಗೊತ್ತಿರಬೇಕು: ತಿಂಗಳ ಒಂದನೇ ತಾರೀಖು ಯಾವ ವಾರ, ತಿಂಗಳಿಗೆ ಎಷ್ಟು ದಿನ. ಭಾನುವಾರಕ್ಕೆ ಸೊನ್ನೆ, ಸೋಮವಾರಕ್ಕೆ ಒಂದು, ಹೀಗೆ ಶನಿವಾರಕ್ಕೆ ಆರು. ಒಂದನೇ ತಾರೀಖಿನ ವಾರದ ಸಂಖ್ಯೆ ಎಷ್ಟೋ ಅಷ್ಟು ಮನೆ ಖಾಲಿ ಬಿಡುವುದು, ಆಮೇಲೆ ಒಂದರಿಂದ ತಾರೀಖು ತುಂಬುತ್ತಾ ಹೋಗುವುದು, ಶನಿವಾರದ ಮನೆ ತುಂಬಿದರೆ ಕೆಳಗಿನ ಸಾಲಿಗೆ ಇಳಿಯುವುದು. ಅವಳ ಎದುರಿಗಿದ್ದ ಜನವರಿ ಗುರುವಾರ ಶುರುವಾಗಿತ್ತು. ನಾಲ್ಕು ಮನೆ ಖಾಲಿ, ಮೂವತ್ತೊಂದು ತಾರೀಖು. ಐದು ಸಾಲು ಒಂದು ಮನೆಯೂ ಮಿಗದೆ ತುಂಬಿತು. ಕಾರ್ಡಿನಲ್ಲಿ ಐದು ಸಾಲಿನ ಕೆಳಗೆ ಆಸ್ಪತ್ರೆಯ ಫೋನ್ ನಂಬರ್ ಹಾಕಿದಳು, ನೋಡಲು ಚೆಂದ ಬಂತು. 'ಐದು ಸಾಲು ಬರೆ' ಎಂದು ಪ್ರೋಗ್ರಾಮಿಗೆ ಹೇಳಿ ಮುಗಿಸಿದಳು.

ಫೆಬ್ರವರಿ ಭಾನುವಾರವೇ ಶುರುವಾಯಿತು. ಒಂದೂ ಖಾಲಿ ಮನೆ ಇಲ್ಲದೆ ನಾಲ್ಕೇ ಸಾಲಿನಲ್ಲಿ ಮುದ್ದಾಗಿ ಕೂತಿತು. ಸೋಮಶೇಖರ್ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಮುಖ್ಯ ಡಾಕ್ಟರು ಬಂದು ನೋಡಿ "ಗುಡ್" ಎಂದರು. ಮನೆಯಲ್ಲಿ ತಾಯಿಗೆ ಆ ಮಾತನ್ನು ಹೇಳುವಾಗ ಕೋಮಲಾ ನಿಂತೇ ಇದ್ದಳು.

ಮೇ ತಿಂಗಳಲ್ಲಿ ಒಂದು ತಾರೀಖು ಬಿದ್ದುಹೋಯಿತು. ಯಾರಿಗೂ ತಿಳಿಯಲಿಲ್ಲ. ಮೇ ಶುಕ್ರವಾರ ಶುರುವಾಗಿ, ಐದು ಖಾಲಿ ಮನೆ ಬಿಟ್ಟು, ಮೂವತ್ತನೇ ತಾರೀಖಿಗೆ ಐದನೇ ಸಾಲು ಮುಗಿದಿತ್ತು. ಮೂವತ್ತೊಂದಕ್ಕೆ ಆರನೇ ಸಾಲು ಬೇಕಿತ್ತು. ಪ್ರೋಗ್ರಾಂ ಐದಕ್ಕೆ ನಿಂತಿತು. ಆದರೆ ಆ ಮೂವತ್ತೊಂದು ಭಾನುವಾರ. ಭಾನುವಾರ ಯಾರಿಗೂ ಸರದಿ ಇರಲಿಲ್ಲ.

ಆಗಸ್ಟ್ ಶನಿವಾರ ಶುರುವಾಯಿತು.

ಆ ಕಾರ್ಡುಗಳನ್ನು ಪ್ರಿಂಟ್ ಹಾಕಿದ ದಿನ ಕೋಮಲಾ ಒಮ್ಮೆ ಕಣ್ಣಾಡಿಸಿದ್ದಳು. ಮೊದಲ ಸಾಲಿನ ತುದಿಯಲ್ಲಿ ಒಂಟಿ ಒಂದು, ಕೆಳಗೆ ನಾಲ್ಕು ಸಾಲು ತುಂಬ ತುಂಬ. ಕೊನೆಯ ಮನೆ ಯಾವ ತಾರೀಖು ಎಂದು ನೋಡುವಷ್ಟು ಅವಳು ನಿಲ್ಲಲಿಲ್ಲ. ಆಚೆ ಯಾರೋ ವ್ಹೀಲ್‌ಚೇರ್ ಕೇಳುತ್ತಿದ್ದರು.

ಆ ತಿಂಗಳ ಕೊನೆಯ ಸೋಮವಾರ ಬೆಳಗ್ಗೆ ಅವಳು ಬಸ್ಸಿಳಿದು ಒಳಗೆ ಬರುವಾಗಲೇ ಸೋಮಶೇಖರ್ ಬಾಗಿಲಲ್ಲಿ ನಿಂತಿದ್ದರು.

"ಏನಮ್ಮ ಇದು, ಮೂರು ಬೆಡ್ ಖಾಲಿ! ಯಾರಾದ್ರೂ ಫೋನ್ ಮಾಡಿದ್ರಾ?"

ಯಾರೂ ಮಾಡಿರಲಿಲ್ಲ. ಹಳಬರೆಲ್ಲ ಬಂದು ಮಲಗಿದ್ದರು. ಮರಳೂರಿನ ಸಿದ್ದಲಕ್ಷ್ಮಮ್ಮ ಕೈಗೆ ಸೂಜಿ ಚುಚ್ಚಿಸಿಕೊಂಡೇ ಮಾತಿಗೆ ಬಂದರು. "ನಿನ್ ಕಾರ್ಡಲ್ಲಿ ಇವತ್ತಿಲ್ಲ ಕಣೇ ಕೋಮಲಾ. ನನ್ ಸೊಸೆ 'ರಜ ಇರ್ಬೇಕು' ಅಂದ್ಲು. ಸೋಮವಾರ ಅಂದ್ರೆ ಸೋಮವಾರ, ನಡಿಯೇ ಅಂತ ಬಂದೆ."

ಕೋಮಲಾ ಆ ಕಾರ್ಡನ್ನು ಅವರ ದಿಂಬಿನ ಪಕ್ಕದಿಂದ ಎತ್ತಿಕೊಂಡಳು. ಕೊನೆಯ ಮನೆಯಲ್ಲಿ ಇಪ್ಪತ್ತೊಂಬತ್ತು. ಅಷ್ಟೇ. ಮೂವತ್ತೂ ಇರಲಿಲ್ಲ, ಮೂವತ್ತೊಂದೂ ಇರಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿದಳು, ಹಿಂದೆ ಎಲ್ಲಾದರೂ ಬಿದ್ದಿರಬಹುದು ಎನ್ನುವ ಹಾಗೆ.

ಶುಕ್ರವಾರ ಸರದಿಗೆ ಬಂದವರಿಗೆಲ್ಲ ಸೆಪ್ಟೆಂಬರ್ ಕಾರ್ಡನ್ನೂ ಕೊಟ್ಟಾಗಿತ್ತು. ಅದರಲ್ಲಿ ಮಂಗಳವಾರಕ್ಕೆ ಒಂದನೇ ತಾರೀಖು, ಮೊದಲ ಕಪ್ಪು ಸುತ್ತು ಬುಧವಾರ ಎರಡಕ್ಕೆ. ಕಾರ್ಡನ್ನೇ ನಂಬಿ ಶುಕ್ರವಾರ ಎದ್ದು ಹೋದವರು ಬುಧವಾರವೇ ಬರುತ್ತಾರೆ.

"ಫೋನ್ ಮಾಡು, ಬೇಗ" ಎಂದರು ಸೋಮಶೇಖರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಇಬ್ಬರು ಸಿಕ್ಕರು. ಒಬ್ಬರು ಊರಲ್ಲೇ ಇದ್ದರು, ಆಟೋ ಹತ್ತಿ ಬರುತ್ತೇನೆಂದರು. ಇನ್ನೊಬ್ಬರ ಮಗ ಬೈದುಕೊಂಡೇ ಕರೆತಂದ. ಉಳಿದವರು ಕಡಬದ ನರಸಯ್ಯ. ಅರವತ್ತರ ಆಸುಪಾಸು, ತೆಂಗಿನ ತೋಟದ ಕೆಲಸಗಾರ, ಡಯಾಲಿಸಿಸ್ ಶುರುವಾಗಿ ಇನ್ನೂ ಕೆಲವೇ ತಿಂಗಳು. ಅವರ ಫೋನ್ ಸ್ವಿಚ್ ಆಫ್. ದಾಖಲೆಯಲ್ಲಿದ್ದ ಇನ್ನೊಂದು ನಂಬರ್ ಪಕ್ಕದ ಮನೆಯ ಗಂಗಣ್ಣನದು.

"ನರಸಣ್ಣ ಊರಲ್ಲಿಲ್ಲ ಕಣಮ್ಮ. ಶನಿವಾರನೇ ಕುಣಿಗಲ್‌ಗೆ ಮಗಳ ಮನೆಗೆ ಹೋದ್ರು. ಮೊಮ್ಮಗೂದು ವರ್ಷದ ಹುಟ್ಟಿದಬ್ಬ. ಬುಧವಾರ ಅಲ್ಲಿಂದ್ಲೇ ನಿಮ್ ತಾವ್ಕೆ ಬತ್ತೀನಿ ಅಂದ್ರು" ಎಂದ ಗಂಗಣ್ಣ, ಅಳಿಯ ಅಂಜನ್‌ಕುಮಾರನ ನಂಬರ್ ಕೊಟ್ಟ.

ಹುಟ್ಟಿದಹಬ್ಬ ಎಂದದ್ದೇ ಕೋಮಲಾಗೆ ಊಟದೆಲೆ ಕಣ್ಣಮುಂದೆ ಬಂತು. ಬಾಳೆಹಣ್ಣು, ಎಳನೀರು, ಪಾಯಸ, ಮಜ್ಜಿಗೆ. ಈ ಕಾಯಿಲೆಯವರಿಗೆ ಬೇಡವೆಂದು ಹೇಳುವುದೆಲ್ಲ.

ಅಂಜನ್‌ಕುಮಾರ್ ಫೋನ್ ಎತ್ತಿದ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ, "ಮೇಡಂ, ಕಾರ್ಡ್ ನನ್ ಕೈಲೇ ಐತೆ. ಇವತ್ತು ಇಲ್ವೇ ಇಲ್ಲ. ನೀವ್ಯಾರು?"

"ನಾನೇ ಆಸ್ಪತ್ರೆಯಿಂದ ಮಾತಾಡ್ತಿರೋದು. ಕಾರ್ಡ್ ತಪ್ಪು ಪ್ರಿಂಟ್ ಆಗಿದೆ."

"ಪ್ರಿಂಟ್ ತಪ್ಪಂತೆ. ಆಮೇಲೆ ಓಟಿಪಿ ಹೇಳಿ ಅಂತೀರಾ? ಹೋದ್ ವಾರನೂ ಹಿಂಗೇ ಆಸ್ಪತ್ರೆ ಹೆಸರೇಳಿ ಒಬ್ಬ ಮಾಡಿದ್ದ" ಎಂದು ಕಡಿದುಬಿಟ್ಟ. ಅವಳು ಮತ್ತೆ ಮಾಡಿದಳು. ಎತ್ತಲಿಲ್ಲ. ಸೋಮಶೇಖರ್ ತಮ್ಮ ಫೋನಿನಿಂದ ಮಾಡಿದರು. ಅದನ್ನೂ ಎತ್ತಲಿಲ್ಲ.

"ಸರ್, ನಾನೇ ಹೋಗಿ ಬರ್ತೀನಿ" ಎಂದಳು.

"ಹೋಗು. ನಾನು ಮಿಷನ್ ಒಂದು ಖಾಲಿ ಇಟ್ಟಿರ್ತೀನಿ. ಕಾಲು ಊದಿದ್ಯಾ, ಉಸ್ರು ಹೆಂಗಿದೆ ನೋಡಿ ನಂಗೆ ಹೇಳು. ಏನೂ ತಿನ್ನೋಕೆ ಕುಡಿಯೋಕೆ ಬಿಡ್ಬೇಡ."

ಕುಣಿಗಲ್ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಸ್ವಲ್ಪ ದೂರಕ್ಕೇ ಎದ್ದು ಡ್ರೈವರ್ ಹತ್ತಿರ ಹೋಗಿ ನಿಂತಳು. "ಕೂತ್ಕೊಳಮ್ಮ, ನೀನ್ ನಿಂತ್ರೆ ಬಸ್ ಜೋರಾಗ್ ಓಡಲ್ಲ" ಎಂದ ಕಂಡಕ್ಟರ್. ಕೂತಳು, ಮತ್ತೆ ಎದ್ದಳು. ಬೆರಳು ಮಡಚಿ ಎಣಿಸಿದಳು: ಶನಿವಾರ ಎಂದರೆ ಆರು ಖಾಲಿ. ಆರಕ್ಕೆ ಮೂವತ್ತೊಂದು ಸೇರಿದರೆ ಮೂವತ್ತೇಳು. ಐದು ಸಾಲಿಗೆ ಹಿಡಿಯುವುದು ಮೂವತ್ತೈದೇ. ಎರಡು ಹೊರಗೆ. ಇಷ್ಟು ಸುಲಭದ ಕೂಡಿಕೆ. ಇಷ್ಟು ದಿನ ಒಮ್ಮೆಯೂ ಮಾಡಿರಲಿಲ್ಲ. ಜನವರಿ ಸರಿಯಾಗಿ ಹಿಡಿಸಿತೆಂದು ಎಲ್ಲ ತಿಂಗಳೂ ಹಿಡಿಸುತ್ತದೆಂದುಕೊಂಡಿದ್ದಳು. ಬಸ್ಸು ಒಂದು ಗೇಟಿನ ಮುಂದೆ ನಿಂತು ಹಾಲಿನ ಕ್ಯಾನು ಇಳಿಸಿತು. ಇಳಿದು ಓಡಿಬಿಡೋಣ ಎನ್ನಿಸಿತು ಅವಳಿಗೆ.

ಕುದುರೆ ಫಾರಂ ಕಡೆಯ ಒಂದು ಬೀದಿಯಲ್ಲಿ ಅಂಜನ್‌ಕುಮಾರನ ಮನೆ. ಬಾಗಿಲಿಗೆ ಕಟ್ಟಿದ್ದ ಬಲೂನುಗಳು ಅರ್ಧ ಗಾಳಿ ಇಳಿದು ತೂಗುತ್ತಿದ್ದವು. ಒಳಗೆ ನಡುಮನೆಯ ಮಂಚದಲ್ಲಿ ನರಸಯ್ಯ ಗೋಡೆಗೆ ಒರಗಿ ಕೂತಿದ್ದರು, ಮಲಗಲಾಗದೆ. ಮುಖ ಊದಿ ಕಣ್ಣು ಸಣ್ಣಗಾಗಿತ್ತು. ಪಾದದ ಮೇಲೆ ಚರ್ಮ ಮಿರುಗುತ್ತಿತ್ತು. ಅವಳನ್ನು ಕಂಡು ನಕ್ಕರು.

"ಬಾವ್ವ, ಬಾ. ಕೌಂಟರ್ ಅಮ್ಮಯ್ಯ ಅಲ್ವಾ ನೀನು? ಹಬ್ಬಕ್ಕೆ ಒಂದಿನ ತಡವಾಗಿ ಬಂದೆಯಲ್ಲ."

ಒಂದು ವಾಕ್ಯಕ್ಕೆ ಅವರು ಎರಡು ಸಲ ಉಸಿರೆಳೆದುಕೊಂಡರು.

ಅಂಜನ್‌ಕುಮಾರನ ಮುಖ ಸಪ್ಪಗಾಯಿತು. "ನಿಜ್ವಾಗ್ಲೂ ಆಸ್ಪತ್ರೆಯೋರಾ ಮೇಡಂ?" ಎಂದ.

ಹೊಂಬಾಳಮ್ಮ, ನರಸಯ್ಯನ ಹೆಂಡತಿ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. "ನೋಡವ್ವ, ನಾವು ಒಂದಿನಾನೂ ತಪ್ಪಿಸ್ದೋರಲ್ಲ. ಇಪ್ಪತ್ತೊಂಬತ್ತಕ್ಕೇ ಮುಗ್ದೈತೆ. ಈ ತಿಂಗಳು ಅಷ್ಟೇ ಇರ್ಬೇಕು ಅಂದ್ಕೊಂಡ್ವಿ. ಉಸ್ರು ಕಟ್ಟುತ್ತೆ ಅಂದಾಗ್ಲೂ ನಾನೇ ಬುಧವಾರ ಐತಲ್ಲ ಬುಡಿ ಅಂದೆ."

ಗೋಡೆಯಲ್ಲಿ ಯಾವುದೋ ಅಂಗಡಿಯ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ವಾರಗಳು ಎಡಗಡೆ ಮೇಲಿಂದ ಕೆಳಕ್ಕೆ ಇದ್ದವು, ತಾರೀಖುಗಳು ಕಂಬದ ಹಾಗೆ ಇಳಿದಿದ್ದವು. ಮೂವತ್ತು, ಮೂವತ್ತೊಂದಕ್ಕೆ ಕೊನೆಯಲ್ಲಿ ಜಾಗ ಸಾಲದೆ ಮೊದಲ ಕಂಬದ ತಲೆಯ ಖಾಲಿ ಮನೆಗಳಲ್ಲಿ, ಭಾನುವಾರ ಸೋಮವಾರಗಳ ಎದುರಿಗೇ ಸೇರಿಸಿದ್ದರು. ಕೋಮಲಾ ಅಲ್ಲಿ ಬೆರಳಿಟ್ಟಳು.

"ಇಲ್ನೋಡಿ ಅಮ್ಮ. ಇವತ್ತು ಮೂವತ್ತೊಂದು, ಸೋಮವಾರ. ಇವ್ರು ಜಾಗ ಸಾಲ್ದೇ ಹೋದಾಗ ಮೇಲೆ ತಂದು ಇಟ್ಟವ್ರೆ. ನಾನು ಇಡ್ಲಿಲ್ಲ. ಬಿಟ್ಟೇಬಿಟ್ಟೆ."

"ಹಂಗಾರೆ ಆಸ್ಪತ್ರೆ ಕಾರ್ಡೇ ಸುಳ್ಳಾ?"

"ಸುಳ್ಳಮ್ಮ. ಆ ಕಾರ್ಡ್ ಮಾಡಿದ್ದು ನಾನೇ."

ಹೊಂಬಾಳಮ್ಮ ಕಾರ್ಡನ್ನು ಮತ್ತೆ ಕವರಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅಷ್ಟರಲ್ಲಿ ಅಂಜನ್‌ಕುಮಾರ್ ಗೆಳೆಯನ ಓಮ್ನಿ ತರಲು ಬೀದಿಗೆ ಓಡಿದ್ದ.

ಗಾಡಿಯಲ್ಲಿ ನರಸಯ್ಯನನ್ನು ಕಿಟಕಿಯ ಪಕ್ಕ ಕೂರಿಸಿದರು. ಕೋಮಲಾ ಸೋಮಶೇಖರ್‌ಗೆ ಫೋನ್ ಮಾಡಿ ಕಾಲು, ಉಸಿರು, ಎಲ್ಲ ಹೇಳಿದಳು. "ಏನ್ ತಿಂದ್ರು ಕೇಳು" ಎಂದರು ಅವರು. ಒಂದು ಎಳನೀರು, ಎರಡು ಬಾಳೆಹಣ್ಣು. "ಬೇಗ ಬಾ" ಎಂದರು.

ದಾರಿಯಲ್ಲಿ ನರಸಯ್ಯ ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಯಾರ್ಗೂ ಬಯ್ಬೇಡ ಕಣೇ ಹೊಂಬಾಳಿ. ನಂಗೂ ಸೋಮವಾರ ಅಂತ ಗೊತ್ತಿತ್ತು. ಕಾರ್ಡಲ್ಲಿ ಸುತ್ತು ಕಾಣ್ಲಿಲ್ಲ. ಮೊಮ್ಮಗಳ ಹಬ್ಬ ಅಂತ ಆಸ್ಪತ್ರೆಯೋರು ಒಂದಿನ ರಜ ಕೊಟ್ಟವ್ರೆ ಅನ್ಕೊಂಡೆ. ಖುಷಿ ಆಯ್ತು. ಯಾಕೆ ಕೇಳಿ ಕೆಡಿಸ್ಕೊಳ್ಳೋದು ಅಂತ ಸುಮ್ನಾದೆ."

ಕೋಮಲಾ ಕಿಟಕಿಯಾಚೆ ನೋಡಿದಳು. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಗೆ ಬಂದಾಗ ಸೋಮಶೇಖರ್ ಸ್ಟ್ರೆಚರ್ ಸಮೇತ ಬಾಗಿಲಲ್ಲೇ ಇದ್ದರು. ಇಸಿಜಿ ಕಾಗದ ನೋಡಿದ ಡಾಕ್ಟರು ಕೂಡಲೇ ಇಂಜೆಕ್ಷನ್ ಹೇಳಿದರು. ಮಿಷನ್ನು ತಿರುಗತೊಡಗಿತು. ಕೋಮಲಾ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಹೊಂಬಾಳಮ್ಮ ಬೆಂಚಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಸೋಮಶೇಖರ್ ಗ್ಲೌಸ್ ಬಿಚ್ಚುತ್ತಾ ಹೊರಬಂದರು. "ಬಡಿತ ಸರಿ ಹೋಯ್ತು. ಕಾಫಿ ಕೇಳ್ತಾವ್ರೆ, ಕೊಡಂಗಿಲ್ಲ ಅಂದೆ."

ಹೊಂಬಾಳಮ್ಮ ಆಗ ಅತ್ತರು.

ನರಸಯ್ಯ ವಾರ್ಡಿನಲ್ಲಿ ಉಳಿದು ಗುರುವಾರ ಮನೆಗೆ ಹೋದರು. ಅಷ್ಟರಲ್ಲಿ ಕೋಮಲಾ ಮುಖ್ಯ ಡಾಕ್ಟರ ಕೊಠಡಿಗೆ ಹೋಗಿ ಎಲ್ಲ ಹೇಳಿದ್ದಳು. ಸೋಮಶೇಖರ್ ಜೊತೆಗೆ ಬಂದು, "ಕಾರ್ಡ್ ಹಂಚಿದ್ದು ನಾವೆಲ್ಲ ಸೇರಿ ಸರ್. ಒಬ್ರೂ ಕೊನೇ ತಾರೀಖು ನೋಡ್ಲಿಲ್ಲ" ಎಂದರು. ಕೆಲಸ ಹೋಗುತ್ತದೆಂದೇ ಅವಳು ಬ್ಯಾಗು ಸಿದ್ಧಮಾಡಿಕೊಂಡಿದ್ದಳು. ಡಾಕ್ಟರು ಕೆಲಸದಿಂದ ತೆಗೆಯಲಿಲ್ಲ. "ಇನ್ಮೇಲೆ ಪ್ರಿಂಟ್ ಕಾರ್ಡ್ ಬೇಡ. ಮೊದಲಿನ ಹಾಗೆ ಕೈಯಲ್ಲೇ ಬರೀರಿ" ಎಂದರು. ಬೈಗುಳ ಇಷ್ಟು ನೋಯಿಸುತ್ತಿರಲಿಲ್ಲ.

ಆದರೂ ಅವಳು ಅದನ್ನು ಹಾಗೇ ಬಿಡಲಾರದೆ ಹೋದಳು. ಊಟದ ಬಿಡುವಿನಲ್ಲೆಲ್ಲ ಪ್ರೋಗ್ರಾಂ ತೆರೆದಳು. 'ಐದು ಸಾಲು' ಎನ್ನುವುದನ್ನು ಅಳಿಸಿದಳು. ಖಾಲಿ ಮನೆ ಮತ್ತು ದಿನಗಳನ್ನು ಕೂಡಿಸಿ, ಏಳರಿಂದ ಭಾಗಿಸಿ, ಶೇಷ ಉಳಿದರೆ ಇನ್ನೊಂದು ಸಾಲು ಸೇರಿಸುವ ಹಾಗೆ ಮಾಡಿದಳು. ಆಗಸ್ಟಿಗೆ ಆರು ಬಂತು, ಫೆಬ್ರವರಿಗೆ ನಾಲ್ಕೇ. ಮೊದಲು ಗೋಡೆ ಕ್ಯಾಲೆಂಡರಿನ ಹಾಗೆ ಮಿಕ್ಕ ತಾರೀಖನ್ನು ಮೇಲಿನ ಖಾಲಿ ಮನೆಗೆ ಹಾಕಿ ನೋಡಿದಳು. ಅದೂ ವಾರಕ್ಕೆ ಸರಿಯಾಗಿಯೇ ಕೂರುತ್ತಿತ್ತು. ಸಿದ್ದಲಕ್ಷ್ಮಮ್ಮ ನೋಡಿ "ಮೂವತ್ತೊಂದು ಮೊದ್ಲು ಬರುತ್ತಾ, ಒಂದು ಮೊದ್ಲು ಬರುತ್ತಾ?" ಎಂದದ್ದಕ್ಕೆ ಅದನ್ನು ಬಿಟ್ಟು, ಫೋನ್ ನಂಬರನ್ನು ಕಾರ್ಡಿನ ಹಿಂದಕ್ಕೆ ಕಳಿಸಿ, ಆರನೇ ಸಾಲಿಗೇ ಜಾಗ ಮಾಡಿದಳು. ಭಾನುವಾರದಿಂದ ಶನಿವಾರದವರೆಗೆ ಯಾವ ವಾರ ಶುರುವಾದರೂ, ಇಪ್ಪತ್ತೆಂಟರಿಂದ ಮೂವತ್ತೊಂದರವರೆಗೆ ಎಷ್ಟು ದಿನವಿದ್ದರೂ, ಒಂದೊಂದನ್ನೂ ಪ್ರಿಂಟ್ ಹಾಕಿ ಕೊನೆಯ ಮನೆಗೆ ಬೆರಳಿಟ್ಟು ನೋಡಿದಳು. ಕೊನೆಯ ತಾರೀಖು ಚೌಕದಲ್ಲಿ ಬರದಿದ್ದರೆ ಪ್ರಿಂಟೇ ಆಗದ ಹಾಗೆ ತಡೆ ಹಾಕಿದಳು.

ಆ ಹಾಳೆಗಳನ್ನೆಲ್ಲ ಡಾಕ್ಟರ ಮೇಜಿನ ಮೇಲಿಟ್ಟಾಗ ಅವರು ತಿರುವಿ ನೋಡಿದರು. ಕೂಡಲೇ ಒಪ್ಪಲಿಲ್ಲ. ಸೋಮಶೇಖರರ ಅಕ್ಷರ ಓದಲಾಗದೆ ಇಬ್ಬರು ಮಂಗಳವಾರದವರು ಬುಧವಾರ ಬಂದ ಮೇಲೆ ಒಪ್ಪಿದರು. ಕಾರ್ಡನ್ನು ಇಬ್ಬರು ನೋಡಿ ಸಹಿ ಹಾಕಿಯೇ ಕೊಡಬೇಕೆಂದರು. ಹೊಸವರ್ಷದ ಜನವರಿ ಶುಕ್ರವಾರ ಶುರುವಾಯಿತು. ಆರನೇ ಸಾಲಿನಲ್ಲಿ ಒಂಟಿ ಮೂವತ್ತೊಂದು ಭಾನುವಾರದ ಕೆಳಗೆ ಕೂತಿತ್ತು. ಯಾರ ಸರದಿಯೂ ಅಲ್ಲದ ಆ ಮನೆಯನ್ನು ಕೋಮಲಾ ಎಲ್ಲರ ಕಾರ್ಡಿನಲ್ಲೂ ನೋಡಿದಳು.

ನರಸಯ್ಯ ಕಾರ್ಡು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು, ಹಿಂದಿನ ಹಾಗೆಯೇ ನಕ್ಕರು. ಹೊಂಬಾಳಮ್ಮ ಮಾತ್ರ ಕೋಮಲಾಳ ಸ್ವಂತ ನಂಬರ್ ಬರೆಸಿಕೊಂಡಿದ್ದರು. ಈಗ ಪ್ರತಿ ಭಾನುವಾರ, ಪ್ರತಿ ಮಂಗಳವಾರ, ಪ್ರತಿ ಗುರುವಾರ ಕಡಬದಿಂದ ಫೋನ್ ಬರುತ್ತದೆ.

"ನಾಳೆ ಐತೇನವ್ವ?"

"ಐತೆ ಅಮ್ಮ. ಬನ್ನಿ."

"ಕಾರ್ಡ್ ನೋಡಿ ಹೇಳ್ತಿದೀಯಾ, ನೀನಾಗೇ ಹೇಳ್ತಿದೀಯಾ?"

"ನಾನಾಗೇ ಹೇಳ್ತಿದೀನಿ."

"ಹಂಗಾರೆ ಸರಿ" ಎಂದು ಅವರು ಇಡುತ್ತಾರೆ. ಕೋಮಲಾ ಎದ್ದು, ಇನ್ನೊಮ್ಮೆ ಗೋಡೆಯ ಕ್ಯಾಲೆಂಡರ್ ನೋಡಿ ಬರುತ್ತಾಳೆ.